ಫೋಟೊದಲ್ಲಿ ನೀಲಿ ಪೋರ್ಟ್ ಕಂಡರೆ ಕಾರ್ಡ್ ಬಿಡಿ

ಹಳೆ ಗ್ರಾಫಿಕ್ಸ್ ಕಾರ್ಡ್ ಕೊಳ್ಳುವವರು ಕಲಬುರಗಿಯ ನಮ್ಮ ಅಂಗಡಿಗೆ ಬಂದರೆ ಮೊಬೈಲಿನಲ್ಲಿ ಮೊದಲು ತೋರಿಸುವುದು ಫ್ಯಾನಿನ ಫೋಟೊ. ನಾನು ಕೇಳುವುದು ಮಾನಿಟರ್ ಕೇಬಲ್ ಚುಚ್ಚುವ ಬದಿಯ ಫೋಟೊ. ಫ್ಯಾನಿನ ಮೇಲೆ ಯಾವ ಸ್ಟಿಕ್ಕರ್ ಬೇಕಾದರೂ ಅಂಟಿಸಬಹುದು. ಪೋರ್ಟ್ ಬದಲಿಸುವುದು ಅಷ್ಟು ಸುಲಭ ಅಲ್ಲ.

ಸೇಡಂ ಕಡೆಯ ಹುಡುಗನೊಬ್ಬ ಬಂದಿದ್ದ. "ಅಣ್ಣಾ, ಜಿಟಿಎಕ್ಸ್ 1050 ಟಿಐ, 4 ಜಿಬಿ, ಮೂರೂವರೆ ಸಾವಿರಕ್ಕ ಕೊಡ್ತೀನಿ ಅಂತಾನ. ತಗೊಳ್ಳಲೇನ್ರಿ?" ಫೋಟೊ ದೊಡ್ಡದು ಮಾಡಿ ನೋಡಿದೆ. ಎಚ್‌ಡಿಎಂಐ ಪಕ್ಕದಲ್ಲೇ ಹದಿನೈದು ತೂತಿನ ನೀಲಿ ವಿಜಿಎ ಪೋರ್ಟ್.

ಅಲ್ಲೇ ಅನುಮಾನ. 1050 ಟಿಐ ಬಂದದ್ದು 2016ರಲ್ಲಿ. ಆ ತಲೆಮಾರಿನ ಚಿಪ್‌ಗಳಿಂದ ಎನ್ವಿಡಿಯಾ ವಿಜಿಎಗೆ ಬೇಕಾದ ಅನಲಾಗ್ ಸಿಗ್ನಲ್ಲನ್ನೇ ತೆಗೆದುಹಾಕಿತು. ವಿಜಿಎ ಕೊಡಬೇಕೆಂದರೆ ಕಾರ್ಡಿನ ಮೇಲೆ ಬೇರೆ ಪರಿವರ್ತಕ ಚಿಪ್ ಕೂರಿಸಬೇಕು. ಹಾಗೆ ಮಾಡಿದ ಕಾರ್ಡು ತೀರಾ ಅಪರೂಪ.

ಮೇಲಿನ ಅಂಚನ್ನೂ ನೋಡಿದೆವು. ಅಲ್ಲಿ ಬಂಗಾರದ ಬಣ್ಣದ ಸಣ್ಣ ಪಟ್ಟಿಗಳಿದ್ದವು. ಅದು ಎರಡು ಕಾರ್ಡ್ ಜೋಡಿಸುವ ಎಸ್‌ಎಲ್‌ಐ ಸಂಪರ್ಕ. ಅಸಲಿ 1050 ಟಿಐಗೆ ಆ ಸೌಲಭ್ಯವೇ ಇಲ್ಲ. ಆರು ಪಿನ್ನಿನ ಪವರ್ ಸಾಕೆಟ್ಟೂ ಇತ್ತು, ಆದರೆ ಅದನ್ನು ನಾನು ಸಾಕ್ಷಿ ಅಂತ ಹಿಡಿಯುವುದಿಲ್ಲ. 1050 ಟಿಐ 75 ವ್ಯಾಟ್‌ನ ಕಾರ್ಡು, ಸ್ಲಾಟಿನ ಕರೆಂಟೇ ಸಾಕು. ಹಾಗಿದ್ದೂ ಕೆಲವು ಅಸಲಿ ಮಾಡೆಲ್‌ಗಳಿಗೆ ಕಂಪನಿಯವರೇ ಆ ಸಾಕೆಟ್ ಹಾಕಿರುತ್ತಾರೆ.

ಒಳಗಿರುವುದು ಬಹುಮಟ್ಟಿಗೆ ಜಿಟಿಎಸ್ 450 ಅಥವಾ ಜಿಟಿಎಕ್ಸ್ 550 ಟಿಐ. ಎರಡೂ 2010-11ರ ಮಾಲು. ಬಯೋಸ್ ತಿದ್ದಿ ಹೆಸರು, ಮೆಮೊರಿ ಎರಡನ್ನೂ ಸುಳ್ಳು ಹೇಳಿಸಿರುತ್ತಾರೆ. ಡೆಸ್ಕ್‌ಟಾಪ್ ಆರಾಮಾಗಿ ಓಡುತ್ತದೆ. ಇರುವ 1 ಜಿಬಿ ದಾಟಿ ಗೇಮು ಮೆಮೊರಿ ಕೇಳಿದಾಗ ಪರದೆ ಕೆಡುತ್ತದೆ, ಇಲ್ಲ ಸಿಸ್ಟಮ್ಮೇ ನಿಂತುಬಿಡುತ್ತದೆ. "ಜೊತೆಗೆ ಕೊಟ್ಟ ಡ್ರೈವರ್ ಮಾತ್ರ ಹಾಕಿ" ಎಂದು ಮಾರುವವರು ಹೇಳುವುದೂ ಇದಕ್ಕೇ. ಈ ಹಳೆ ಚಿಪ್‌ಗಳಿಗೆ ಎನ್ವಿಡಿಯಾ 2018ರಲ್ಲೇ ಹೊಸ ಡ್ರೈವರ್ ಕೊಡುವುದನ್ನು ನಿಲ್ಲಿಸಿದೆ.

ಗೇಮಿಂಗ್ ಲ್ಯಾಪ್‌ಟಾಪ್ ಅಂತ ಮಾರುತ್ತಿದ್ದರೆ ಚಾರ್ಜರಿನ ಲೇಬಲ್ ಫೋಟೊ ಕೇಳಿ. 19.5 ವೋಲ್ಟ್, 3.33 ಆಂಪಿಯರ್ ಅಂದರೆ ಗುಣಿಸಿದರೆ 65 ವ್ಯಾಟ್. ಗೇಮಿಂಗ್ ಲ್ಯಾಪ್‌ಟಾಪ್‌ಗೆ ಸಾಮಾನ್ಯವಾಗಿ 120 ವ್ಯಾಟ್ ಅಥವಾ ಜಾಸ್ತಿ ಬೇಕು. ಚಾರ್ಜರ್ ಬದಲಾಗಿರಲೂಬಹುದು, ಅದಕ್ಕೇ ತಳದ ಲೇಬಲ್ಲಿನ ಮಾಡೆಲ್ ನಂಬರ್ ಬಯೋಸಿನಲ್ಲಿರುವುದಕ್ಕೆ ತಾಳೆ ಆಗುತ್ತದಾ ನೋಡಿ.

ಪೋರ್ಟ್ ಸರಿ ಇದೆ ಅಂತ ಸುಮ್ನೆ ದುಡ್ಡು ಕೊಡಬೇಡಿ. ಕಾರ್ಡ್ ಹಾಕಿದ ಸಿಸ್ಟಮ್ಮಿನಲ್ಲಿ, ಕಾರ್ಡಿನ ವಿವರ ತೋರಿಸುವ GPU-Z ಎಂಬ ಸಾಫ್ಟ್‌ವೇರ್ ತೆರೆಸಿ. ಅದು ಹೆಸರಿನ ಜೊತೆಗೆ ಚಿಪ್ಪನ್ನೂ ಪರೀಕ್ಷಿಸುತ್ತದೆ. ನಕಲಿ ಎಂದು ಗುರುತು ಸಿಕ್ಕರೆ ಹೆಸರಿನ ಮುಂದೆ [FAKE] ಎಂದು ಬರುತ್ತದೆ. ಆ ಹುಡುಗ ಇದೇ ಸ್ಕ್ರೀನ್‌ಶಾಟ್ ಕೇಳಿದ. ಮಾರುವವನು ಫ್ಯಾನಿನ ಇನ್ನೊಂದು ಫೋಟೊ ಕಳಿಸಿದ.