ಆಟ ನಿಂತಿತು, ಹಸಿವು ನಿಲ್ಲಲಿಲ್ಲ: ತೂಕ ಯಾಕೆ ಏರುತ್ತಿದೆ?

ಪ್ರಶ್ನೆ: ನನಗೆ 29 ವರ್ಷ, ಎತ್ತರ 178 ಸೆಂ.ಮೀ. ಹತ್ತು ವರ್ಷ ಕಬಡ್ಡಿ ಆಡಿದೆ, ಆಗ ತೂಕ 78 ಕೆ.ಜಿ. ಸ್ಪೋರ್ಟ್ಸ್ ಕೋಟಾದಲ್ಲಿ ಕೆಲಸ ಸಿಕ್ಕಿತು, ಪ್ರಾಕ್ಟೀಸ್ ನಿಂತು 14 ತಿಂಗಳಾಯಿತು. ಈಗ 89 ಕೆ.ಜಿ. ಇದ್ದೇನೆ. ಹಾಸ್ಟೆಲ್‌ನಲ್ಲಿ ತಿನ್ನುತ್ತಿದ್ದಷ್ಟು ಈಗ ತಿನ್ನುವುದಿಲ್ಲ. ಆದರೂ ಹಸಿವು ತಡೆಯೋಕಾಗಲ್ಲ. ಮಸಲ್ ಎಲ್ಲ ಕೊಬ್ಬಾಗುತ್ತಿದೆಯಾ? ಏನು ಮಾಡಲಿ?

ಉತ್ತರ: ಮೊದಲಿಗಿಂತ ಕಡಿಮೆ ತಿನ್ನುತ್ತಿದ್ದೇನೆ ಎಂಬ ನಿಮ್ಮ ಮಾತು ಬಹುಪಾಲು ನಿಜವೇ ಇರಬೇಕು. ನಿಮ್ಮ ತೂಕದ ಲೆಕ್ಕವೂ ಅದನ್ನೇ ಹೇಳುತ್ತದೆ. ಎಷ್ಟು ಕಡಿಮೆಯಾಗಬೇಕಿತ್ತೋ ಅಷ್ಟು ಆಗಿಲ್ಲ, ತೊಂದರೆ ಇರುವುದು ಅಲ್ಲಿ.

ನಿಮ್ಮ ಎತ್ತರ, ವಯಸ್ಸು ಮತ್ತು 78 ಕೆ.ಜಿ. ತೂಕದ ಗಂಡಸಿನ ದೇಹ ಸುಮ್ಮನೆ ಮಲಗಿದ್ದರೂ ದಿನಕ್ಕೆ ಸುಮಾರು 1750 ಕ್ಯಾಲರಿ ಖರ್ಚು ಮಾಡುತ್ತದೆ. ಕುರ್ಚಿಯಲ್ಲಿ ಕೂತು ಮಾಡುವ ಕೆಲಸ, ಮನೆಯೊಳಗಿನ ಓಡಾಟ ಸೇರಿಸಿದರೆ 2450ರ ಆಸುಪಾಸು. ಬೆಳಿಗ್ಗೆ-ಸಂಜೆ ಸೇರಿ ಮೂರು ತಾಸಿನ ಪ್ರಾಕ್ಟೀಸ್ ಇದ್ದಾಗ, ಮಧ್ಯೆ ನಿಂತು ಸುಧಾರಿಸಿಕೊಳ್ಳುವ ಹೊತ್ತನ್ನೂ ಲೆಕ್ಕ ಹಾಕಿದರೆ, ಇದರ ಮೇಲೆ ಇನ್ನೊಂದು 950 ಕ್ಯಾಲರಿ ಹೋಗುತ್ತಿತ್ತು. ಅಂದರೆ ಆಗ ದಿನಕ್ಕೆ 3400 ತಿಂದರೂ ತೂಕ ಅಲುಗುತ್ತಿರಲಿಲ್ಲ.

ಆಟ ಬಿಟ್ಟ ದಿನವೇ ಆ 950 ನಿಂತುಹೋಯಿತು. ಊಟ ಎಷ್ಟು ಇಳಿಯಿತು? 14 ತಿಂಗಳಲ್ಲಿ 11 ಕೆ.ಜಿ. ಏರಬೇಕಾದರೆ ಆರಂಭದಲ್ಲಿ ದಿನಕ್ಕೆ 450ರಿಂದ 500 ಕ್ಯಾಲರಿ ಹೆಚ್ಚಾಗಿ ಹೊಟ್ಟೆಗೆ ಹೋಗುತ್ತಿರಬೇಕು. ಹಾಗಾದರೆ ನೀವು ಸುಮಾರು 2900 ತಿನ್ನುತ್ತಿದ್ದೀರಿ. 3400ಕ್ಕೆ ಹೋಲಿಸಿದರೆ ಇದು ಕಡಿಮೆಯೇ. ಹಸಿವು ಅರ್ಧ ದಾರಿ ಇಳಿದು ಅಲ್ಲೇ ಕೂತಿದೆ.

ಇದು ನಿಮ್ಮ ನಾಲಿಗೆ ಚಪಲ ಅಲ್ಲ. 1956ರಲ್ಲಿ ಪಶ್ಚಿಮ ಬಂಗಾಳದ ಸೆಣಬಿನ ಗಿರಣಿಯೊಂದರ ಗಂಡಾಳುಗಳ ಊಟ, ತೂಕ ಮತ್ತು ಕೆಲಸವನ್ನು ಹೋಲಿಸಿ ನೋಡಿದ ಅಧ್ಯಯನವೊಂದು ಪ್ರಕಟವಾಯಿತು. ಜಾನ್ ಮೇಯರ್ ಮತ್ತು ಸಂಗಡಿಗರು ಮಾಡಿದ್ದು. ಹಗುರ ಕೆಲಸದವರಿಂದ ಮೂಟೆ ಹೊರುವವರವರೆಗೆ ಕೆಲಸ ಹೆಚ್ಚಿದಂತೆ ಊಟವೂ ಹೆಚ್ಚುತ್ತಿತ್ತು, ತೂಕ ಒಂದೇ ಮಟ್ಟದಲ್ಲಿತ್ತು. ಆದರೆ ಕೂತೇ ಕೆಲಸ ಮಾಡುವ ಗುಮಾಸ್ತರು, ಅಂಗಡಿಯವರ ಊಟ ಮಾತ್ರ ಇನ್ನೂ ಇಳಿಯುವ ಬದಲು ಮೇಲೇರಿತ್ತು, ತೂಕವೂ ಅವರದೇ ಹೆಚ್ಚು. ಮೈ ಒಂದು ಮಟ್ಟಕ್ಕೆ ದುಡಿಯುತ್ತಿರುವಾಗ ಹಸಿವು ಖರ್ಚಿನ ಹಿಂದೆಯೇ ನಡೆಯುತ್ತದೆ. ಆ ಮಟ್ಟಕ್ಕಿಂತ ಕೆಳಗೆ ಬಂದರೆ ದಾರಿ ತಪ್ಪುತ್ತದೆ. ನೀವು ಮೂಟೆ ಹೊರುವವರ ಸಾಲಿನಿಂದ ಎದ್ದು ನೇರ ಗುಮಾಸ್ತರ ಸಾಲಿನಲ್ಲಿ ಕೂತಿದ್ದೀರಿ.

ಇದರ ಹಿಂದೆ ಮೂರು ಕೆಲಸ ಒಟ್ಟಿಗೆ ನಡೆಯುತ್ತಿವೆ. ಹಸಿವಿನ ಒಂದು ದೊಡ್ಡ ಪಾಲು ಬರುವುದು ಕೊಬ್ಬನ್ನು ಬಿಟ್ಟು ಉಳಿದ ಮೈಯಿಂದ, ಅಂದರೆ ಸ್ನಾಯು ಮತ್ತು ಒಳಗಿನ ಅಂಗಾಂಗಗಳಿಂದ. ಹತ್ತು ವರ್ಷ ಕಟ್ಟಿದ ತೊಡೆ, ಭುಜ ಆಟ ಬಿಟ್ಟ ವಾರಕ್ಕೆ ಕರಗಿಹೋಗುವುದಿಲ್ಲ. ತಿಂಗಳುಗಟ್ಟಲೆ ಉಳಿದು ತಮ್ಮ ಪಾಲಿನ ಊಟ ಕೇಳುತ್ತಲೇ ಇರುತ್ತವೆ. ಎರಡನೆಯದು, ವ್ಯಾಯಾಮ ನಿಂತರೆ ಹೊಟ್ಟೆ ತುಂಬಿತು ಎನ್ನುವ ಸೂಚನೆ ಮಂದವಾಗುತ್ತದೆ. ಇನ್ಸುಲಿನ್‌ಗೆ ಮೈ ಓಗೊಡುವುದು ಎರಡೇ ವಾರದಲ್ಲಿ ತಗ್ಗುತ್ತದೆ. ಬಿರುಸಿನ ಪ್ರಾಕ್ಟೀಸ್ ಮುಗಿದ ಮೇಲೆ ಸ್ವಲ್ಪ ಹೊತ್ತು ಊಟ ಬೇಡ ಅನಿಸುತ್ತಿತ್ತಲ್ಲ, ಆ ಬಿಡುವೂ ಈಗ ಇಲ್ಲ. ಮೂರನೆಯದು ಗಡಿಯಾರ. ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನು ರೂಢಿಯ ಊಟದ ಹೊತ್ತಿಗೆ ಮುಂಚೆಯೇ ಏರುತ್ತದೆ. ಸಂಜೆ ನಾಲ್ಕೂವರೆಗೆ ಮೈದಾನಕ್ಕಿಳಿಯುವ ಮುಂಚೆ ತಿನ್ನುತ್ತಿದ್ದವರಿಗೆ ಈಗ ಆಫೀಸಿನಲ್ಲೂ ಅದೇ ನಾಲ್ಕೂವರೆಗೆ ಹೊಟ್ಟೆ ಚುರುಗುಟ್ಟುತ್ತದೆ.

ಇನ್ನು ಮಸಲ್ ಕೊಬ್ಬಾಗುವುದರ ಬಗ್ಗೆ. ಹಾಗೆ ಆಗುವುದಿಲ್ಲ, ಅವೆರಡೂ ಬೇರೆ ಬೇರೆ ಜೀವಕೋಶಗಳು. ಒಂದು ಕುಗ್ಗುತ್ತದೆ, ಇನ್ನೊಂದು ತುಂಬಿಕೊಳ್ಳುತ್ತದೆ, ಎರಡೂ ಒಂದೇ ಸಮಯಕ್ಕೆ ಆಗುವುದರಿಂದ ಹಾಗೆ ಕಾಣುತ್ತದೆ. ‘ಮೆಟಬಾಲಿಸಂ ಬಿದ್ದುಹೋಯಿತು’ ಎಂಬುದೂ ದೊಡ್ಡ ಕಾರಣವಲ್ಲ. ಒಂದು ಕೆ.ಜಿ. ಸ್ನಾಯು ವಿಶ್ರಾಂತಿಯಲ್ಲಿ ಸುಡುವುದು ದಿನಕ್ಕೆ ಸುಮಾರು 13 ಕ್ಯಾಲರಿ ಮಾತ್ರ. ಮೂರು ಕೆ.ಜಿ. ಸ್ನಾಯು ಕಳೆದುಕೊಂಡಿದ್ದರೂ ವ್ಯತ್ಯಾಸ 40 ಕ್ಯಾಲರಿ, ಎರಡು ಚಮಚ ಸಕ್ಕರೆಯಷ್ಟು.

ಬಹಳ ಆಟಗಾರರು ಮೋಸ ಹೋಗುವುದು ಮೊದಲ ಎರಡು-ಮೂರು ತಿಂಗಳಲ್ಲಿ. ಪ್ರಾಕ್ಟೀಸ್ ನಿಂತಾಗ ಸ್ನಾಯುವಿನಲ್ಲಿ ಕೂಡಿಟ್ಟ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಇಳಿಯುತ್ತದೆ, ಅದರ ಜೊತೆ ಹಿಡಿದಿಟ್ಟ ನೀರೂ ಹೋಗುತ್ತದೆ, ಸ್ನಾಯುವೂ ಸ್ವಲ್ಪ ಕುಗ್ಗುತ್ತದೆ. ಅದೇ ಹೊತ್ತಿಗೆ ಕೊಬ್ಬು ಏರುತ್ತಿರುತ್ತದೆ. ತಕ್ಕಡಿ ಮಾತ್ರ ಹಳೆಯ ಅಂಕಿಯನ್ನೇ ತೋರಿಸುತ್ತದೆ, ‘ನನಗೇನೂ ಆಗಿಲ್ಲ’ ಎಂದುಕೊಳ್ಳುತ್ತಾರೆ. ಆದ್ದರಿಂದ ಆಟ ಬಿಟ್ಟವರು ತಕ್ಕಡಿಗಿಂತ ಟೇಪನ್ನು ನಂಬಬೇಕು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಉಸಿರು ಸಹಜವಾಗಿ ಬಿಟ್ಟು, ಹೊಕ್ಕುಳ ಮಟ್ಟದಲ್ಲಿ ಟೇಪು ಸುತ್ತಿ ಅಳೆಯಿರಿ. ಪ್ಯಾಂಟಿನ ಸೈಜು ಲೆಕ್ಕಕ್ಕೆ ಬರುವುದಿಲ್ಲ, ಹೊಟ್ಟೆ ಬಂದಂತೆ ಪ್ಯಾಂಟು ಕೆಳಗೆ ಜಾರುತ್ತಾ ಅದೇ ಸೈಜಿನಲ್ಲಿ ಉಳಿಯುತ್ತದೆ. ನಮ್ಮ ದೇಶದ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಎಚ್ಚರಿಕೆಯ ಗಂಟೆ.

ಈಗ ಮಾಡಬೇಕಾದ್ದು. ಮುದ್ದೆ ಬಿಡಬೇಕೆ, ಅನ್ನ ಬಿಡಬೇಕೆ ಎಂದು ಎಲ್ಲರೂ ಅಲ್ಲಿಂದ ಶುರುಮಾಡುತ್ತಾರೆ. ನಮ್ಮ ಸಲಹೆ ಬೇರೆ: ಊಟಕ್ಕೆ ಸದ್ಯ ಕೈ ಹಾಕಬೇಡಿ, ಪ್ರಾಕ್ಟೀಸಿಗಾಗಿ ತಿನ್ನುತ್ತಿದ್ದುದನ್ನು ಹುಡುಕಿ. ಪ್ರಾಕ್ಟೀಸ್ ಹೋದರೂ ಅದರ ಹಿಂದೆ-ಮುಂದೆ ತಿನ್ನುತ್ತಿದ್ದ ತಿಂಡಿ ಮನೆಯಲ್ಲಿ ಉಳಿದಿರುತ್ತದೆ. ಹಾಸ್ಟೆಲ್‌ನಿಂದ ಬಂದವರಲ್ಲಿ ಸಾಮಾನ್ಯವಾಗಿ ಕಾಣುವ ಪಟ್ಟಿ ಹೀಗಿರುತ್ತದೆ: ಬೆಳಿಗ್ಗೆ ಎರಡು ಬಾಳೆಹಣ್ಣು, 200 ಕ್ಯಾಲರಿ. ಅರ್ಧ ಲೀಟರ್ ಟೋನ್ಡ್ ಹಾಲು, 290. ಸಂಜೆ ಒಂದು ಹಿಡಿ ಕಡಲೆಬೀಜ, ಅಂದರೆ 30 ಗ್ರಾಂ, 170. ಇವೇ 660 ಆಯಿತು.

ಹಣ್ಣಿನಲ್ಲಿ ಒಂದನ್ನು ಬಿಟ್ಟರೆ 100 ಉಳಿಯಿತು. ಹಾಲನ್ನು 200 ಮಿ.ಲೀ. ಲೋಟಕ್ಕೆ ಇಳಿಸಿದರೆ 175. ಕಡಲೆಬೀಜ ಬಿಟ್ಟರೆ 170. ದಿನಕ್ಕೆ ನಾಲ್ಕು ಸಲ ಎರಡೆರಡು ಚಮಚ ಸಕ್ಕರೆ ಹಾಕಿದ ಕಾಫಿ ಕುಡಿಯುತ್ತಿದ್ದರೆ ಒಂದೊಂದು ಚಮಚಕ್ಕೆ ತನ್ನಿ, ಅದು 80. ಒಟ್ಟು 525 ಕ್ಯಾಲರಿ, ಊಟದ ತಟ್ಟೆಯಿಂದ ಒಂದು ತುತ್ತೂ ತೆಗೆಯದೆ. ನಿಮ್ಮ ಪಟ್ಟಿಯಲ್ಲಿ ಕಡಲೆಬೀಜದ ಬದಲು ಚಿಕ್ಕಿ ಇರಬಹುದು, ಪ್ರೊಟೀನ್ ಪುಡಿ ಇರಬಹುದು. ಮೂರು ದಿನ ತಿಂದದ್ದೆಲ್ಲವನ್ನೂ ಬರೆದು ನೋಡಿದರೆ ಸಿಕ್ಕಿಬಿಡುತ್ತದೆ.

ಊಟದಲ್ಲಿ ಅಳತೆಗಿಂತ ವೇಗ ನೋಡಿ. ಮುದ್ದೆ ನುಂಗುವ ಊಟ. 100 ಗ್ರಾಂ ಹಿಟ್ಟಿನ ಒಂದು ಮುದ್ದೆ ಸುಮಾರು 320 ಕ್ಯಾಲರಿ, ಹಸಿದವನಿಗೆ ಅದು ಐದು ನಿಮಿಷದ ಕೆಲಸ. ಹೊಟ್ಟೆ ತುಂಬಿದ ಸುದ್ದಿ ಮಿದುಳಿಗೆ ತಲುಪುವಷ್ಟರಲ್ಲಿ ಎರಡನೆಯದೂ ಮುಗಿದಿರುತ್ತದೆ. ಮೊದಲು ಒಂದು ಬಟ್ಟಲು ಕಾಳು-ಸೊಪ್ಪಿನ ಪಲ್ಯ ಅಥವಾ ಬಸ್ಸಾರಿನ ಸೊಪ್ಪನ್ನು ಅಗಿದು ತಿನ್ನಿ, ಆಮೇಲೆ ಮುದ್ದೆ ಬಡಿಸಿಕೊಳ್ಳಿ, ಒಂದು ಮುಗಿದ ಮೇಲೆ ಮಜ್ಜಿಗೆ ಕುಡಿದು ಹತ್ತು ನಿಮಿಷ ಕೂತು ಎರಡನೆಯದು ಬೇಕೇ ಎಂದು ನಿರ್ಧರಿಸಿ. ಮೊಟ್ಟೆ, ಕಾಳು, ಮೊಸರು, ಮೀನು, ಕೋಳಿ ಇವನ್ನು ಕಡಿತ ಮಾಡಬೇಡಿ. ದಿನಕ್ಕೆ ಸುಮಾರು 100 ಗ್ರಾಂ ಪ್ರೊಟೀನ್ ಸಿಕ್ಕರೆ ಹಸಿವೂ ಹಿಡಿತಕ್ಕೆ ಬರುತ್ತದೆ, ಇರುವ ಸ್ನಾಯುವೂ ಉಳಿಯುತ್ತದೆ. ನಾಲ್ಕೂವರೆಯ ಹಸಿವಿಗೆ ಆ ಉಳಿಸಿಕೊಂಡ ಒಂದು ಬಾಳೆಹಣ್ಣನ್ನೋ ಒಂದು ಬೇಯಿಸಿದ ಮೊಟ್ಟೆಯನ್ನೋ ಕೊಡಿ. ಏನೂ ತಿನ್ನದೆ ತಡೆದುಕೊಂಡು ಆರಕ್ಕೆ ಹೊರಟರೆ ದಾರಿಯಲ್ಲಿ ಬಜ್ಜಿ ಬಾಂಡಲಿ ಸಿಗುತ್ತದೆ.

ಇನ್ನು ಮೈ ಆಡಿಸುವ ವಿಷಯ. ಗುರಿ ಹಳೆಯ 950 ಕ್ಯಾಲರಿಯನ್ನು ಮತ್ತೆ ಸುಡುವುದಲ್ಲ. ಗುಮಾಸ್ತರ ಸಾಲಿನಿಂದ ಎದ್ದು ಹಗುರ ಕೆಲಸದವರ ಸಾಲಿಗೆ ಬರುವುದು, ಅಷ್ಟಕ್ಕೇ ಹಸಿವು ಮತ್ತೆ ಲೆಕ್ಕಕ್ಕೆ ಸಿಗಲು ಶುರುವಾಗುತ್ತದೆ. ದಿನಾ 45 ನಿಮಿಷ ಬಿರುಸಾಗಿ ನಡೆದರೆ ನಿಮ್ಮ ತೂಕಕ್ಕೆ 220 ಕ್ಯಾಲರಿ ಹೆಚ್ಚು ಖರ್ಚಾಗುತ್ತದೆ. ವಾರಕ್ಕೆರಡು ಸಲ ಸ್ಕ್ವಾಟ್, ಪುಷ್‌ಅಪ್, ಭಾರ ಎತ್ತುವುದು ಸಾಕು; ಕಟ್ಟಿದ ಸ್ನಾಯುವನ್ನು ಉಳಿಸಿಕೊಳ್ಳಲು ಕಟ್ಟುವಾಗ ಪಟ್ಟ ಶ್ರಮದ ಮೂರನೇ ಒಂದು ಪಾಲು ಸಾಕಾಗುತ್ತದೆ. ಹಳೆಯ ಹುಡುಗರು ಕರೆದರೆಂದು ಭಾನುವಾರ ಏಕಾಏಕಿ ಅಂಕಣಕ್ಕೆ ಇಳಿದು ರೇಡ್ ಮಾಡಬೇಡಿ. ಕಾಲಿಗೆ ಆ ತಿರುವು ನೆನಪಿರುತ್ತದೆ, ಆದರೆ ಮಂಡಿ ಮತ್ತು ಹಿಮ್ಮಡಿಯ ಸ್ನಾಯುರಜ್ಜು 11 ಕೆ.ಜಿ. ಹೆಚ್ಚು ಹೊತ್ತು ತಿರುಗಿ ಅಭ್ಯಾಸ ಮಾಡಿಲ್ಲ.

ಇನ್ನೊಂದು ಕೆಟ್ಟ ಅಭ್ಯಾಸವನ್ನು ಅಂಕಣದಲ್ಲೇ ಬಿಟ್ಟು ಬನ್ನಿ. ಟೂರ್ನಿಗೆ ಮುಂಚೆ ತೂಕದ ಮಿತಿಯೊಳಗೆ ಬರಲು ನೀರು ಬಿಟ್ಟು, ಊಟ ಬಿಟ್ಟು, ಜಾಕೆಟ್ ಹಾಕಿಕೊಂಡು ಓಡಿ ಮೂರು ದಿನದಲ್ಲಿ ತೂಕ ಇಳಿಸಿದ್ದೀರಿ. ಆಗ ಇಳಿದದ್ದು ಬಹುಪಾಲು ನೀರು. ಈಗ ಅದೇ ಉಪಾಯ ಮಾಡಿದರೆ ನಾಲ್ಕನೇ ದಿನ ಹಸಿವು ಎರಡು ಪಟ್ಟಾಗಿ ಬರುತ್ತದೆ. ಫಿನ್ಲೆಂಡಿನ ಹಳೆಯ ಆಟಗಾರರ ಮೇಲೆ 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪಂದ್ಯಕ್ಕಾಗಿ ಪದೇ ಪದೇ ತೂಕ ಇಳಿಸುತ್ತಿದ್ದ ಕುಸ್ತಿಪಟುಗಳು, ಬಾಕ್ಸರ್‌ಗಳು, ಭಾರ ಎತ್ತುವವರು ನಡುವಯಸ್ಸಿನಲ್ಲಿ ಉಳಿದ ಆಟಗಾರರಿಗಿಂತ ಹೆಚ್ಚು ದಪ್ಪಗಾಗಿದ್ದರು.

ಈ ದಾರಿಯಲ್ಲಿ ಮೊದಲ ತಿಂಗಳುಗಳಲ್ಲಿ ತಿಂಗಳಿಗೆ ಒಂದೂವರೆ-ಎರಡು ಕೆ.ಜಿ. ಇಳಿಯುತ್ತದೆ, ಆಮೇಲೆ ನಿಧಾನವಾಗುತ್ತದೆ, 11 ಕೆ.ಜಿ.ಗೆ ಸುಮಾರು ಒಂದು ವರ್ಷ ಬೇಕು. ಏನೂ ಮಾಡದೆ 2900ರಲ್ಲೇ ಮುಂದುವರಿದರೆ ತೂಕ ನೂರರ ಹತ್ತಿರ ಹೋಗಿ ನಿಲ್ಲುತ್ತದೆ. ದಿನಾ ತೂಕ ನೋಡಿದರೂ ವಾರದ ಸರಾಸರಿಯನ್ನಷ್ಟೇ ಲೆಕ್ಕಕ್ಕೆ ಹಿಡಿಯಿರಿ. ನಾಲ್ಕು ವಾರ ಕಳೆದರೂ ಸರಾಸರಿಯೂ ಸೊಂಟದ ಸುತ್ತಳತೆಯೂ ಕದಲದಿದ್ದರೆ ಆಗ ರಾತ್ರಿಯ ಎರಡನೇ ಮುದ್ದೆಯನ್ನು ಅರ್ಧ ಮಾಡಿ. ಹಸಿವಿಲ್ಲದೆಯೂ ತೂಕ ಏರುತ್ತಿದ್ದರೆ, ಸದಾ ಸುಸ್ತು, ಚಳಿ, ಮಲಬದ್ಧತೆ ಇದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ ಇದ್ದರೆ ಸಕ್ಕರೆ ನೋಡಿಸಿ. ಗಾಯಕ್ಕೆಂದು ಸ್ಟೆರಾಯ್ಡ್ ತೆಗೆದುಕೊಂಡಿದ್ದರೆ ಅದನ್ನು ವೈದ್ಯರಿಗೆ ಮೊದಲೇ ಹೇಳಿ. ಆಟ ಬಿಟ್ಟ ಮೇಲೆ ಯಾವುದರಲ್ಲೂ ಮನಸ್ಸಿಲ್ಲದೆ, ನಿದ್ದೆಯಿಲ್ಲದೆ, ಬೇಜಾರಿಗೆ ತಿನ್ನುತ್ತಿದ್ದೀರಾದರೆ ಅದನ್ನೂ ಹೇಳಿ. ಅದಕ್ಕೂ ಚಿಕಿತ್ಸೆ ಇದೆ.

ಇನ್ನೂ ಆಡುತ್ತಿದ್ದು, ಈ ಸೀಸನ್ ಮುಗಿದ ಮೇಲೆ ಬಿಡಬೇಕೆಂದಿರುವ ನಿಮ್ಮ ತಂಡದವರಿಗೆ ಒಂದು ಮಾತು ತಲುಪಿಸಿ. ಪ್ರಾಕ್ಟೀಸನ್ನು ಒಂದೇ ದಿನ ನಿಲ್ಲಿಸದೆ ಆರರಿಂದ ಎಂಟು ವಾರಗಳಲ್ಲಿ ಇಳಿಸುತ್ತಾ ಬನ್ನಿ, ವಾರಕ್ಕೆ ಆರು ದಿನದಿಂದ ನಾಲ್ಕು, ಆಮೇಲೆ ಎರಡು. ಯಾವ ದಿನ ಪ್ರಾಕ್ಟೀಸ್ ಇಲ್ಲವೋ ಆ ದಿನ ಬಾಳೆಹಣ್ಣು, ಅರ್ಧ ಲೀಟರ್ ಹಾಲೂ ಇಲ್ಲ. ಟೇಪಿನ ಅಳತೆಯನ್ನು ಕೊನೆಯ ಪಂದ್ಯದ ವಾರವೇ ಬರೆದಿಟ್ಟುಕೊಳ್ಳಿ.