ದುಬೈಗೆ ಹೊರಟ ಗೆಳೆಯನಿಗೆ ಹಾಡು: ಆಡುಮಾತನ್ನು 16 ಮಾತ್ರೆಗೆ ಕೂರಿಸುವುದು

ಸಾಲಿಗೆ 16 ಮಾತ್ರೆ, ನಾಲ್ಕಕ್ಕೊಂದು ಚಪ್ಪಾಳೆ. 8 ಮತ್ತು 16ನೇ ಮಾತ್ರೆಯಲ್ಲಿ ಮಾತ್ರ ಕೊನೆಯ ಅಕ್ಷರ ಎಳೆಯಬಹುದು. ಪಲ್ಲವಿ:

ಹೋಗ್ಬಾ ಗೆಳೆಯ, ತಲ್ಪಿದ್ ಮೇಲೆ
ಫೋನ್ ಮಾಡ್ ಒಂದ್ಸಲ, ಎಷ್ಟೊತ್ತಾದ್ರೂ

ಇಲ್ಲಿ ‘ವಿರಹ’, ‘ಕಂಬನಿ’ ಬೇಡ. ಏರ್‌ಪೋರ್ಟ್ ಬಾಗಿಲಲ್ಲಿ ಯಾರೂ ಆಡದ ಮಾತು ಹಾಡಲ್ಲೂ ಒಪ್ಪುವುದಿಲ್ಲ.

ಚರಣಕ್ಕೆ ವಿಷಯ ಸಿದ್ಧವಾಗಿದೆ: ದುಬೈ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ಬರವಣಿಗೆಯ ಕನ್ನಡದಲ್ಲಿ ‘ನಮಗೆ ಹತ್ತಾದರೆ ನಿನಗೆ ಎಂಟೂವರೆ’. ಎಣಿಸಿ ನೋಡಿ: 9 ಮತ್ತು 9, ಒಟ್ಟು 18. ಎರಡು ಮಾತ್ರೆ ಹೆಚ್ಚು.

ಎಡವುವುದು ಇಲ್ಲೇ. ಆಡುಮಾತು ಚಿಕ್ಕದು, ಸ್ವರ ನುಂಗಿದರೆ ಮಾತ್ರೆ ತಾನಾಗಿ ಇಳಿಯುತ್ತದೆ ಅನ್ನಿಸುತ್ತದೆ. ಆದರೆ ‘ನಮಗೆ’ 1+1+1, ಅಂದರೆ 3. ‘ನಮ್ಗೆ’ ಕೂಡ 2+1, ಅಂದರೆ 3. ‘ಮ’ದ ಸ್ವರ ಹೋಯಿತು ನಿಜ, ಆದರೆ ಅರ್ಧ ‘ಮ್’ ಹಿಂದಿನ ‘ನ’ಕ್ಕೆ ಒರಗಿ ಅದನ್ನು ಗುರು ಮಾಡಿತು. ಕಳೆದದ್ದು ಅಲ್ಲೇ ವಾಪಸ್ ಬಂತು. ‘ಹತ್ತಾದರೆ’ ನೋಡಿ: 2+2+1+1, ಅಂದರೆ 6. ‘ಹತ್ತಾದ್ರೆ’ 5. ಇಲ್ಲಿ ಒಂದು ಉಳಿಯಿತು, ಯಾಕೆಂದರೆ ಅರ್ಧ ‘ದ್’ ಒರಗಿದ ‘ತಾ’ ಮೊದಲೇ ದೀರ್ಘ. ಅದು ಇನ್ನೂ ಉದ್ದವಾಗುವುದಿಲ್ಲ. ನುಂಗಿದ ಸ್ವರದ ಹಿಂದಿನ ಅಕ್ಷರ ಗುರುವಾಗಿದ್ದರೆ ಲಾಭ, ಲಘುವಾಗಿದ್ದರೆ ಏನೂ ಇಲ್ಲ. ಇದೊಂದನ್ನು ಹಿಡಿದರೆ ಅರ್ಧ ಕೆಲಸ ಮುಗಿದಂತೆ.

ಹಿಂದಿನದು ಲಘುವಾಗಿದ್ದಾಗ ಇನ್ನೊಂದು ದಾರಿ ಇದೆ: ಮುಂದಿನ ಪದಕ್ಕೆ ಅಂಟಿಸುವುದು. ‘ನಿಂಗೆ ಎಂ’ 5, ‘ನಿಂಗೆಂ’ 4. ‘ನಮ್ಗೆ’ಯನ್ನೂ ‘ನಮ್ಗ್’ ಅಂದು ‘ಹತ್ತು’ವಿಗೆ ಒತ್ತಿ ಹೇಳಿದರೆ 2.

ನಮ್ಗ್ ಹತ್ತಾದ್ರೆ, ನಿಂಗೆಂಟೂವರೆ
ಮಲ್ಗೋಕ್ ಮುಂಚೆ ಮಾತಾಡೋಣ

ಮೊದಲರ್ಧ 7, ಕೊನೆಯ ‘ದ್ರೆ’ ಎಳೆದರೆ 8. ಎರಡನೇ ಅರ್ಧ ಸರಿಯಾಗಿ 8.

ನೋವು ಮತ್ತು ಆಸೆ ಎರಡಕ್ಕೂ ಒಂದೇ ವಸ್ತು ಸಾಕು. ತೂಕ ಹೆಚ್ಚಾಯಿತೆಂದು ಸೂಟ್‌ಕೇಸಿನಿಂದ ಹೊರಗಿಟ್ಟ ಡಬ್ಬಿ:

ಉಪ್ಪಿನ್ ಕಾಯಿ ಇಲ್ಲೇ ಉಳ್ದ್ರೂ
ಮುಂದಿನ್ ವರ್ಷ ನಾನೇ ತರ್ತೀನ್

‘ತರ್ತೀನಿ’ ಅಂದರೆ ಸಾಲು 17 ಆಗಿ, ಮುಂದಿನ ಚಪ್ಪಾಳೆಯ ಮೇಲೆ ‘ನಿ’ ಬೀಳುತ್ತದೆ. ಚಪ್ಪಾಳೆ ತಟ್ಟಿ ಹೇಳಿದರೆ ತಕ್ಷಣ ಗೊತ್ತಾಗುತ್ತದೆ.

ಗೆಳತಿಗಾದರೆ ‘ಗೆಳೆಯ’ ಜಾಗದಲ್ಲಿ ‘ಗೆಳತಿ’, ಅದೂ 3. ದೋಹಾ, ಕುವೈತ್, ರಿಯಾದ್ ನಮಗಿಂತ ಎರಡೂವರೆ ಗಂಟೆ ಹಿಂದೆ. ‘ನಿಂಗೇಳೂವರೆ’ ಕೂಡ 8. ಲಂಡನ್ನಿಗೆ ಮಾತ್ರ ಈ ಸಾಲು ಬೇಡ: ಅಲ್ಲಿ ಗಡಿಯಾರ ವರ್ಷಕ್ಕೆರಡು ಸಲ ಬದಲಾಗುತ್ತದೆ, ನಮ್ಮ ಹತ್ತಕ್ಕೆ ಬೇಸಿಗೆಯಲ್ಲಿ ಐದೂವರೆ, ಚಳಿಗಾಲದಲ್ಲಿ ನಾಲ್ಕೂವರೆ.