ಸತ್ತವನು ಮತ್ತೆ ಬಂದಾಗ: ಹಿಂದುಮುಂದಾದ ಸಿನಿಮಾಗಳಲ್ಲಿ ಕೊಂಡಿ ಹುಡುಕುವುದು ಹೇಗೆ?

ನಾನು ಚಿಕ್ಕವನಿದ್ದಾಗ ಹಾವೇರಿ ಕಡೆಯ ನಮ್ಮೂರಿನ ಟೆಂಟ್ ಟಾಕೀಸಿನಲ್ಲಿ ಒಂದು ರಾತ್ರಿ ರೀಲು ಅದಲುಬದಲಾಗಿತ್ತು. ಖಳನಾಯಕ ಗುಡ್ಡದ ಮೇಲಿಂದ ಬಿದ್ದು ಸತ್ತ. ಸ್ವಲ್ಪ ಹೊತ್ತಿಗೆ ಅವನೇ ಕುದುರೆ ಹತ್ತಿಕೊಂಡು ಬಂದ. ಮುಂದೆ ನೆಲದ ಮೇಲೆ ಕೂತವರು ಶಿಳ್ಳೆ ಹೊಡೆದರು, ಹಿಂದೆ ಬೆಂಚಿನವರು ಕೂಗಿದರು. ಆಪರೇಟರ್ ಪ್ರೊಜೆಕ್ಟರ್ ನಿಲ್ಲಿಸಿ, ಡಬ್ಬಿ ಬದಲಿಸಿ, ಮತ್ತೆ ಶುರು ಮಾಡಿದ. ಆಗ ಸಿನಿಮಾ ಬರುತ್ತಿದ್ದುದು ತಗಡಿನ ಡಬ್ಬಿಗಳಲ್ಲಿ. 2000 ಅಡಿಯ ಒಂದು ರೀಲು ಓಡುವುದು ಸುಮಾರು 22 ನಿಮಿಷ. ಡಬ್ಬಿಯ ಮೇಲಿನ ನಂಬರ್ ಅಳಿಸಿಹೋಗಿದ್ದರೆ ಕಥೆ ತಲೆಕೆಳಗಾಗಲು ಅಷ್ಟೇ ಸಾಕಿತ್ತು.

ಎಷ್ಟೋ ವರ್ಷದ ಮೇಲೆ, ಧಾರವಾಡದ ನಮ್ಮ ಮನೆಯಲ್ಲಿ ಟೀವಿ ಮುಂದೆ ಕೂತಿದ್ದ ಮಾವಶಿ ಅದೇ ಪ್ರಶ್ನೆ ಕೇಳಿದರು. 'ಅಲ್ಲೋ, ಈಗ ಸತ್ತಾಂವ ಮತ್ತ ಹೆಂಗ ಬಂದಾನ? ನೀ ಏನರ ಒತ್ತಿದೇನ ರಿಮೋಟ?' ನಾನು ಏನೂ ಒತ್ತಿರಲಿಲ್ಲ. ಕ್ರಿಸ್ಟೋಫರ್ ನೋಲನ್ ಅವರ 'ಮೆಮೆಂಟೊ' ನಡೆಯುತ್ತಿತ್ತು. ಅದು ಇರುವುದೇ ಹಾಗೆ.

ರೀಲು ತಪ್ಪಿದ ಸಿನಿಮಾಕ್ಕೂ, ಬೇಕಂತಲೇ ಹಿಂದುಮುಂದು ಮಾಡಿದ ಸಿನಿಮಾಕ್ಕೂ ಏನು ವ್ಯತ್ಯಾಸ? ಒಂದೇ ವ್ಯತ್ಯಾಸ: ಕೊಂಡಿ. ಟೆಂಟಿನಲ್ಲಿ ಒಂದು ರೀಲಿನ ಕೊನೆಗೂ ಮುಂದಿನದರ ಮೊದಲಿಗೂ ಸಂಬಂಧವೇ ಇರಲಿಲ್ಲ. ಬೇಕಂತಲೇ ಕಟ್ಟಿದ ಸಿನಿಮಾದಲ್ಲಿ ಪ್ರತಿ ತುಂಡಿನ ತುದಿಯಲ್ಲೂ ಒಂದು ಕೊಕ್ಕೆ ಇಟ್ಟಿರುತ್ತಾರೆ. ಅದು ಒಂದು ಮಾತಿರಬಹುದು, ಒಂದು ಗಾಯ, ಒಂದು ಬಟ್ಟೆ, ಒಂದು ಶಬ್ದ. ಅದು ಕಣ್ಣಿಗೆ ಬಿದ್ದರೆ ದಾರಿ ಸಿಕ್ಕಿತು. ಬೀಳದಿದ್ದರೆ ಮೊಬೈಲ್ ಕೈಗೆ ಬರುತ್ತದೆ.

ಹಿಂದಕ್ಕೆ ಓಡುವ ಚಿತ್ರ ಸಿನಿಮಾದಷ್ಟೇ ಹಳೆಯದು. 1896ರಲ್ಲೇ ಲೂಮಿಯೇರ್ ಸಹೋದರರು ಒಂದು ಗೋಡೆ ಕೆಡವುವ ಚಿತ್ರ ತೆಗೆದಿದ್ದರು. ಅದನ್ನು ತಿರುಗಾಮುರುಗಾ ಓಡಿಸಿದರೆ ಬಿದ್ದ ಗೋಡೆ ಧೂಳಿನಿಂದ ಎದ್ದು ನಿಲ್ಲುತ್ತಿತ್ತು. ಅದು ಬರೀ ಚಮತ್ಕಾರ. ಕಥೆಯನ್ನೇ ಹಿಂದುಮುಂದು ಹೇಳುವುದು ಬೇರೆ ವಿದ್ಯೆ, ಅದು ಬೆಳೆಯಲು ಕಾಲ ಬೇಕಾಯಿತು. 1941ರ 'ಸಿಟಿಜನ್ ಕೇನ್' ಒಬ್ಬ ಮನುಷ್ಯನ ಸಾವಿನಿಂದ ಶುರುವಾಗಿ, ಅವನನ್ನು ಬಲ್ಲವರ ನೆನಪುಗಳ ಮೂಲಕ ಹಿಂದಕ್ಕೆ ಹೋಗುತ್ತದೆ. 1950ರ 'ರಾಶೋಮೊನ್' ಒಂದೇ ಘಟನೆಯನ್ನು ನಾಲ್ಕು ಬಾಯಲ್ಲಿ ಹೇಳಿಸುತ್ತದೆ. ಇಲ್ಲೆಲ್ಲ ಕೊಂಡಿ ಸುಲಭ. ಯಾರೋ ಒಬ್ಬರು ಕೂತು ಹೇಳುತ್ತಿರುತ್ತಾರೆ, ನಾವು ಕೇಳುತ್ತಿರುತ್ತೇವೆ.

ಇದು ನಮಗೆ ಹೊಸದಲ್ಲ. ಗದುಗಿನ ಭಾರತ ಓದಿಸಿ ಕೇಳಿದವರಿಗೆ ಗೊತ್ತು, ಯುದ್ಧದ ನಡುವೆಯೂ 'ಕೇಳು ಜನಮೇಜಯ' ಅಂತ ಕವಿ ಕರೆಯುತ್ತಾನೆ. ಆ ಒಂದು ಕರೆಯಿಂದ ಕೇಳುವವರು ಕುರುಕ್ಷೇತ್ರದಿಂದ ಪಾಂಡವರ ಮರಿಮಗನ ಮುಂದೆ ಬಂದು ಕೂರುತ್ತಾರೆ, ಮತ್ತೆ ಯುದ್ಧಕ್ಕೆ ಹೋಗುತ್ತಾರೆ. ಕಾಲ ಬದಲಾಯಿತು ಅಂತ ಯಾರೂ ಗಾಬರಿಯಾಗುವುದಿಲ್ಲ.

ತೊಂದರೆ ಶುರುವಾಗುವುದು ಆ ಹೇಳುವವನನ್ನು ತೆಗೆದುಹಾಕಿದಾಗ. 1978ರಲ್ಲಿ ಹೆರಾಲ್ಡ್ ಪಿಂಟರ್ 'ಬಿಟ್ರೇಯಲ್' ಎಂಬ ನಾಟಕ ಬರೆದರು. ಒಂದು ಗುಟ್ಟಿನ ಸಂಬಂಧ ಮುಗಿದ ಮೇಲಿನ ಭೇಟಿಯಿಂದ, ಅಂದರೆ 1977ರಿಂದ, ಅದು ಶುರುವಾಗುತ್ತದೆ. ಆ ಸಂಬಂಧ ಚಿಗುರಿದ 1968ರಲ್ಲಿ ಮುಗಿಯುತ್ತದೆ. 1983ರಲ್ಲಿ ಸಿನಿಮಾ ಆಯಿತು. ಇಲ್ಲಿ ಯಾರೂ ನೆನಪು ಮಾಡಿಕೊಳ್ಳುತ್ತಿಲ್ಲ. ಕಥೆಯೇ ಹಿಂದಕ್ಕೆ ನಡೆಯುತ್ತದೆ. 'ಮುಂದೇನಾಯಿತು' ಅನ್ನುವ ಕುತೂಹಲ ಹೋಗಿ 'ಇದು ಯಾಕೆ ಹೀಗಾಯಿತು' ಅನ್ನುವ ಕುತೂಹಲ ಬರುತ್ತದೆ. ಈ ಬಗೆಯ ಸಿನಿಮಾ ನೋಡಲು ಬೇಕಾದ ಮೊದಲ ಹೊಂದಾಣಿಕೆ ಇದೇ ಅಂತ ನನಗೆ ಅನಿಸುತ್ತದೆ. ಪ್ರಶ್ನೆ ಬದಲಿಸಿಕೊಂಡರೆ ಅರ್ಧ ಕಿರಿಕಿರಿ ಹೋಗುತ್ತದೆ.

ಕನ್ನಡದಲ್ಲೂ ಈ ಹಾದಿ ಇದೆ. 1998ರಲ್ಲಿ ಉಪೇಂದ್ರ ಅವರ 'ಎ' ಬಂದಾಗ, ಕಥೆ ಯಾವ ಕಡೆ ಹೊರಟಿದೆ ಅಂತ ನಮ್ಮ ಓಣಿಯ ಹುಡುಗರು ಚಹಾದಂಗಡಿಯಲ್ಲಿ ವಾದ ಮಾಡುತ್ತಿದ್ದರು. 2013ರ 'ಲೂಸಿಯಾ' ಬಣ್ಣವನ್ನೇ ಗುರುತು ಮಾಡಿತು. ಟಾಕೀಸಿನಲ್ಲಿ ಬ್ಯಾಟರಿ ಬಿಟ್ಟು ಸೀಟು ತೋರಿಸುವ ಹುಡುಗನ ಬದುಕು ಬಣ್ಣದಲ್ಲಿ, ಸಿನಿಮಾ ಸ್ಟಾರ್ ಬದುಕು ಕಪ್ಪು-ಬಿಳುಪಿನಲ್ಲಿ.

ಈಗ 'ಮೆಮೆಂಟೊ'ಗೆ ಬರೋಣ. 2000ದಲ್ಲಿ ಬಂದ ಈ ಸಿನಿಮಾದ ನಾಯಕ ಲೆನರ್ಡ್‌ಗೆ ಹೊಸ ನೆನಪು ನಿಲ್ಲುವುದಿಲ್ಲ. ಕೆಲವು ನಿಮಿಷದ ಹಿಂದೆ ಏನಾಯಿತು ಅನ್ನುವುದು ಅಳಿಸಿಹೋಗುತ್ತದೆ. ಹೆಂಡತಿಯ ಕೊಲೆಗಾರನನ್ನು ಅವನು ಹುಡುಕುತ್ತಿದ್ದಾನೆ. ಫೋಟೋ ತೆಗೆದು ಅದರ ಮೇಲೆ ಬರೆದಿಡುತ್ತಾನೆ, ಮೈಮೇಲೆ ಹಚ್ಚೆ ಹಾಕಿಸಿಕೊಳ್ಳುತ್ತಾನೆ. ಇದೇ ಬಗೆಯ ಕಾಯಿಲೆಯ ನಾಯಕನನ್ನು ನಮ್ಮಲ್ಲಿ 'ಗಜನಿ'ಯಲ್ಲಿ ನೋಡಿದ್ದೇವೆ. ಆದರೆ ಅದರ ಕಥೆ ಫ್ಲ್ಯಾಶ್‌ಬ್ಯಾಕಿನ ಹಳೆಯ ದಾರಿಯಲ್ಲೇ ನಡೆಯುತ್ತದೆ. 'ಮೆಮೆಂಟೊ' ಆ ಕಾಯಿಲೆಯನ್ನು ನೋಡುವವರಿಗೇ ಅಂಟಿಸುತ್ತದೆ.

ಹೇಗೆ ಅಂದರೆ, ಬಣ್ಣದ ದೃಶ್ಯಗಳು ಕೊನೆಯಿಂದ ಹಿಂದಕ್ಕೆ ಬರುತ್ತವೆ. ಕಪ್ಪು-ಬಿಳುಪಿನ ದೃಶ್ಯಗಳು ಮೊದಲಿನಿಂದ ಮುಂದಕ್ಕೆ ಹೋಗುತ್ತವೆ. ಒಂದು ಇದು, ಒಂದು ಅದು. ಪೂರ್ತಿ ಕಥೆಯಲ್ಲಿ ಹತ್ತೇ ತುಂಡು ಇವೆ ಅಂದುಕೊಳ್ಳಿ. ಪರದೆ ಮೇಲೆ ಅವು ಬರುವ ಸಾಲು ಹೀಗಿರುತ್ತದೆ: 1, 10, 2, 9, 3, 8, 4, 7, 5, 6. ನಿಜವಾದ ಸಿನಿಮಾದಲ್ಲಿ ಎರಡೂ ಕಡೆ ಇಪ್ಪತ್ತು ಚಿಲ್ಲರೆ ತುಂಡುಗಳಿವೆ, ಲೆಕ್ಕ ಮಾತ್ರ ಇದೇ. ಕೊನೆಗೆ 5 ಮತ್ತು 6 ಸೇರುವ ಜಾಗದಲ್ಲಿ ಲೆನರ್ಡ್ ಒಂದು ಫೋಟೋ ತೆಗೆಯುತ್ತಾನೆ. ಫೋಟೋ ಮೂಡುತ್ತಿದ್ದ ಹಾಗೇ ಕಪ್ಪು-ಬಿಳುಪಿನ ಪರದೆಗೂ ಬಣ್ಣ ಬರುತ್ತದೆ. ಈ ಸಾಲು ಶುರುವಾಗುವುದಕ್ಕೂ ಮುಂಚೆ ಬರುವ, ಸಿನಿಮಾದ ಮೊದಲ ದೃಶ್ಯದಲ್ಲೂ ಒಂದು ಫೋಟೋ ಇದೆ. ಅದು ಮೂಡುವುದಿಲ್ಲ, ಅಳಿಸಿಹೋಗುತ್ತದೆ. ಆ ಒಂದು ದೃಶ್ಯವನ್ನು ನಿಜವಾಗಿಯೂ ಹಿಂದಕ್ಕೆ ಓಡಿಸಿದ್ದಾರೆ. 'ಬಣ್ಣ ಕಂಡರೆ ಹಿಂದಕ್ಕೆ ಹೋಗುತ್ತಿದ್ದೇವೆ' ಅಂತ ಆಗಲೇ ಹೇಳಿಬಿಟ್ಟಿದ್ದಾರೆ. ಮೊದಲ ಐದು ನಿಮಿಷ ತಪ್ಪಿಸಿಕೊಂಡರೆ ಈ ಪಾಠವೇ ತಪ್ಪಿಹೋಗುತ್ತದೆ.

ಮಾವಶಿ ಆವತ್ತು ಕೈಯಲ್ಲಿ ಕಸೂತಿ ಹಿಡಿದಿದ್ದರು. ನಾನು ಕಾಗದದ ಮೇಲೆ ಈ ನಂಬರ್ ಬರೆದು ತೋರಿಸಿದೆ. ಅವರು ಕಾಗದ ಪಕ್ಕಕ್ಕಿಟ್ಟು ಬಟ್ಟೆ ತೋರಿಸಿದರು. 'ಗವಂತಿ ಹಿಂಗ ಅಲ್ಲೇನ? ಹೋಗುವಾಗ ಒಂದ ಬಿಟ್ಟ ಒಂದ ಹಾಕ್ಕೋತ ಹೋಗೂದು. ಬರೂವಾಗ ಬಿಟ್ಟಿದ್ದ ತುಂಬ್ಕೋತ ಬರೂದು.' ಗವಂತಿ ಹೊಲಿಗೆಗೆ ಗಂಟು ಹಾಕುವುದಿಲ್ಲ, ಬಟ್ಟೆಯ ಎರಡೂ ಕಡೆ ಒಂದೇ ಥರ ಕಾಣಬೇಕು. ಅರ್ಧ ಹೊಲಿದಾಗ ಅದು ಬರೀ ಚುಕ್ಕಿ ಗೆರೆ. ದಾರ ವಾಪಸ್ ಬಂದ ಮೇಲೇ ಗೋಪುರ ಯಾವುದು, ತೇರು ಯಾವುದು ಅಂತ ತಿಳಿಯುವುದು. ಹೋಲಿಕೆ ಪೂರ್ತಿ ಕೂಡುವುದಿಲ್ಲ, ಸಿನಿಮಾದಲ್ಲಿ ಕಪ್ಪು-ಬಿಳುಪು ಕಥೆಯ ಮೊದಲ ಭಾಗ, ಬಣ್ಣ ಎರಡನೇ ಭಾಗ. ಆದರೂ ಅವರಿಗೆ ಅದು ಸಾಕಾಯಿತು. ಬಿಟ್ಟ ಜಾಗ ಆಮೇಲೆ ತುಂಬುತ್ತದೆ ಅಂತ ನಂಬಿ ಕೂತರು.

ಒಂದು ದೃಶ್ಯವನ್ನು ಹತ್ತಿರದಿಂದ ನೋಡೋಣ. ಲೆನರ್ಡ್ ಒಂದು ಬಚ್ಚಲುಮನೆಯಲ್ಲಿ ಕೂತಿದ್ದಾನೆ. ಕೈಯಲ್ಲಿ ಹೆಂಡದ ಬಾಟಲಿ. ತಾನು ಕುಡಿದ ಹಾಗೆ ಅನಿಸುತ್ತಿಲ್ಲವಲ್ಲ ಅಂದುಕೊಳ್ಳುತ್ತಾನೆ. ಬಾಟಲಿ ಕೆಳಗಿಟ್ಟು ಸ್ನಾನಕ್ಕೆ ನಿಲ್ಲುತ್ತಾನೆ. ಯಾರೋ ಒಬ್ಬ ಒಳಗೆ ಬರುತ್ತಾನೆ, ಹೊಡೆದಾಟವಾಗುತ್ತದೆ. ನಮಗೂ ಏನೂ ಗೊತ್ತಿಲ್ಲ, ಅವನಿಗೂ ಇಲ್ಲ. ಮುಂದಿನ ಬಣ್ಣದ ತುಂಡು ಇದಕ್ಕಿಂತ ಮೊದಲು ನಡೆದದ್ದು. ಅಲ್ಲಿ ಲೆನರ್ಡ್ ಬೇಕಂತಲೇ ಆ ಮನುಷ್ಯನ ಕೋಣೆಗೆ ನುಗ್ಗುತ್ತಾನೆ. ಹೊಡೆಯಲು ಏನಾದರೂ ಬೇಕು ಅಂತ ಬಾಟಲಿ ಎತ್ತಿಕೊಳ್ಳುತ್ತಾನೆ. ಬಚ್ಚಲಿನಲ್ಲಿ ಅಡಗಿ ಕೂರುತ್ತಾನೆ. ಕಾಯುತ್ತಾ ಕಾಯುತ್ತಾ ಮರೆತುಬಿಡುತ್ತಾನೆ. ಇಲ್ಲಿಗೆ ತುಂಡು ನಿಲ್ಲುತ್ತದೆ, ಅದೇ ಬಾಟಲಿ, ಅದೇ ಬಚ್ಚಲು. ಪ್ರತಿ ಬಣ್ಣದ ತುಂಡಿನ ಕೊನೆ, ನಾವು ಆಗಲೇ ನೋಡಿದ ಇನ್ನೊಂದು ತುಂಡಿನ ಮೊದಲಿಗೆ ಹೀಗೇ ಬಂದು ಕೂರುತ್ತದೆ. ಕೆಲವು ಕ್ಷಣ ಮತ್ತೊಮ್ಮೆ ತೋರಿಸುತ್ತಾರೆ. ಅದೇ ಕೊಂಡಿ.

ಹಾಗಾಗಿ ನಾನು ಮಾಡುವುದು ಇಷ್ಟೇ. ಪ್ರತಿ ಬಣ್ಣದ ತುಂಡು ಶುರುವಾದಾಗ ಅವನು ಎಲ್ಲಿದ್ದಾನೆ, ಕೈಯಲ್ಲಿ ಏನಿದೆ ಅನ್ನುವ ಒಂದೇ ಚಿತ್ರ ತಲೆಯಲ್ಲಿ ಇಟ್ಟುಕೊಳ್ಳುತ್ತೇನೆ. ಪೂರ್ತಿ ಕಥೆ ಸಾಲಾಗಿ ಜೋಡಿಸಲು ಹೋಗುವುದಿಲ್ಲ. ಜೋಡಿಸುತ್ತಾ ಕೂತರೆ ಎದುರಿಗೆ ನಡೆಯುವುದು ತಪ್ಪಿಹೋಗುತ್ತದೆ, ಅಲ್ವಾ? ಮೊದಲ ಸಲ ನೋಡುವಾಗ ಹಿಂದಕ್ಕೆ ಒತ್ತಿ ನೋಡುವುದೂ ಬೇಡ. ಒಂದು ಕ್ಷಣದ ಹಿಂದೆ ಏನಾಯಿತು ಅಂತ ತಿಳಿಯದ ಆ ಒದ್ದಾಟವೇ ಲೆನರ್ಡ್‌ನ ಬದುಕು. ಈ ಸಿನಿಮಾವನ್ನು ಸಾಲಾಗಿ ಜೋಡಿಸಿದ ರೂಪವೂ ಡಿವಿಡಿಯಲ್ಲಿ ಬಂದಿತ್ತು. ಅದನ್ನು ಎರಡನೇ ಸಲಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು.

ಎಲ್ಲ ಸಿನಿಮಾದಲ್ಲೂ ಕೊಂಡಿ ಇಷ್ಟು ಅಚ್ಚುಕಟ್ಟಾಗಿ ಇರುವುದಿಲ್ಲ. 1994ರ 'ಪಲ್ಪ್ ಫಿಕ್ಷನ್'ನಲ್ಲಿ ನಡುವೆ ಸತ್ತ ವಿನ್ಸೆಂಟ್ ಕೊನೆಯ ದೃಶ್ಯದಲ್ಲಿ ನಡೆದುಕೊಂಡು ಹೋಗುತ್ತಾನೆ. ಅಲ್ಲಿ ಬಟ್ಟೆ ನೋಡಬೇಕು. ಕಪ್ಪು ಸೂಟು ಹಾಕುವ ಅವನು, ಅವನ ಜೊತೆಗಾರ ಇಬ್ಬರೂ ಟೀ ಶರ್ಟು, ಚಡ್ಡಿಯಲ್ಲಿ ಒಂದು ಹೆಂಡದಂಗಡಿಗೆ ಯಾಕೆ ಬಂದರು ಅಂತ ಮೊದಲು ತಿಳಿಯುವುದಿಲ್ಲ. ಉತ್ತರ ಕೊನೆಗೆ ಸಿಗುತ್ತದೆ, ಅದರ ಜೊತೆಗೇ ದೃಶ್ಯಗಳ ಸಾಲೂ ಸಿಗುತ್ತದೆ. 2003ರ '21 ಗ್ರಾಮ್ಸ್' ಇನ್ನೂ ಕಷ್ಟ. ತುಂಡುಗಳು ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಮುಖ ಎಷ್ಟು ಸೊರಗಿದೆ, ಯಾರು ಯಾರ ಜೊತೆ ಇದ್ದಾರೆ ಅನ್ನುವುದಷ್ಟೇ ಗುರುತು. ಅದನ್ನು ಸುಮ್ನೆ ಅರ್ಧ ಗಂಟೆ ಮೈಮೇಲೆ ಬಿಟ್ಟುಕೊಳ್ಳಬೇಕು.

ನಮ್ಮ ಮನೆಯಲ್ಲಿ ಎಲ್ಲರಿಗೂ ಹತ್ತಿರವಾದದ್ದು ಕೊರಿಯಾದ ಲೀ ಚಾಂಗ್-ಡಾಂಗ್ ಅವರ 'ಪೆಪ್ಪರ್‌ಮಿಂಟ್ ಕ್ಯಾಂಡಿ'. ಇದು ಶುದ್ಧ ಹಿಂದಕ್ಕೆ ನಡೆಯುವ ಸಿನಿಮಾ. 1999ರಲ್ಲಿ ಒಬ್ಬ ನಡುವಯಸ್ಸಿನ ಮನುಷ್ಯ ಹೊಳೆಯ ಮೇಲಿನ ರೈಲ್ವೆ ಸೇತುವೆ ಹತ್ತಿ ರೈಲಿಗೆ ಎದುರು ನಿಲ್ಲುತ್ತಾನೆ. ಅಲ್ಲಿಂದ ಏಳು ಅಧ್ಯಾಯಗಳಲ್ಲಿ ಕಥೆ 1979ಕ್ಕೆ ಹೋಗುತ್ತದೆ. ಪ್ರತಿ ಅಧ್ಯಾಯಕ್ಕೂ ಕಾಲ ಬರೆದಿದ್ದಾರೆ. ನಡುವೆ ರೈಲು ಹಳಿಯ ಮೇಲೆ ಓಡುತ್ತದೆ. ಮೊದಲು ಮುಂದಕ್ಕೆ ಹೋದ ಹಾಗೇ ಕಾಣುತ್ತದೆ. ಸ್ವಲ್ಪ ಗಮನಿಸಿದರೆ ಪಕ್ಕದ ರಸ್ತೆಯಲ್ಲಿ ಗಾಡಿ, ಜನ ಎಲ್ಲ ಹಿಮ್ಮುಖವಾಗಿ ಹೋಗುತ್ತಿರುತ್ತಾರೆ.

ಇಲ್ಲಿ ಹಿಡಿಯಬೇಕಾದದ್ದು ಅವನ ಕಾಲು. ಕೆಲವು ಗಳಿಗೆಯಲ್ಲಿ ಅವನು ಇದ್ದಕ್ಕಿದ್ದಂತೆ ಕುಂಟುತ್ತಾನೆ. ಕಾರಣ ತಿಳಿಯುವುದು 1980ರ ಅಧ್ಯಾಯದಲ್ಲಿ. ಗ್ವಾಂಗ್ಜುನಲ್ಲಿ ಸೈನ್ಯ ಜನರ ಮೇಲೆ ನುಗ್ಗಿದ ಆ ದಿನಗಳಲ್ಲಿ ಅವನು ಎಳೆಯ ಸೈನಿಕ, ಕಾಲಿಗೆ ಗುಂಡು ತಗುಲಿರುತ್ತದೆ. ಆ ರಾತ್ರಿ ಅವನ ಕೈಯಿಂದ ಏನಾಯಿತು ಅನ್ನುವುದನ್ನು ನಾನು ಹೇಳುವುದಿಲ್ಲ. ಅದು ತಿಳಿದಾಗ, ಅದುವರೆಗೆ ನಾವು ಬೈದುಕೊಂಡು ನೋಡಿದ ಮನುಷ್ಯನ ಪ್ರತಿ ಕುಂಟುವಿಕೆಯೂ ನೆನಪಿಗೆ ಬರುತ್ತದೆ.

ಕೊನೆಯ ಅಧ್ಯಾಯದಲ್ಲಿ ಅದೇ ಹೊಳೆ, ಅದೇ ಸೇತುವೆ, ಅದೇ ಗೆಳೆಯರು, ಇಪ್ಪತ್ತು ವರ್ಷ ಚಿಕ್ಕವರು. ಇಲ್ಲಿಗೆ ಮೊದಲೇ ಬಂದಿದ್ದೆ ಅನಿಸುತ್ತದೆ ಅಂತ ಹುಡುಗ ಹುಡುಗಿಗೆ ಹೇಳುತ್ತಾನೆ. ಆಮೇಲೆ ಸೇತುವೆ ಕೆಳಗೆ ಮಲಗಿ ಮೇಲೆ ನೋಡುತ್ತಾನೆ. ರೈಲಿನ ಸದ್ದು ಕೇಳಿಸುತ್ತದೆ. ಮಾವಶಿ ಸೂಜಿಯನ್ನು ಬಟ್ಟೆಗೆ ಸಿಕ್ಕಿಸಿ ಇಟ್ಟರು. 'ಅಂವಗ ಇನ್ನೂ ಏನೂ ಗೊತ್ತಿಲ್ಲ ನೋಡ. ನಮಗ ಎಲ್ಲಾ ಗೊತ್ತೈತಿ' ಅಂದರು.